ಮೂರು ಯತ್ನಗಳ ಲೆಕ್ಕ: ಸ್ನ್ಯಾಚ್ ಬೇರೆ, ಕ್ಲೀನ್ ಆ್ಯಂಡ್ ಜರ್ಕ್ ಬೇರೆ

ಕಾಸರಗೋಡಿನ ಶಾಲಾ ಕ್ರೀಡಾಕೂಟಗಳ ನೋಟೀಸು ಬೋರ್ಡಿನಲ್ಲಿ ಈ ಸ್ಪರ್ಧೆಯ ಹೆಸರನ್ನು ಮಲಯಾಳದಲ್ಲಿ ‘ಭಾರೋದ್ವಹನಂ’ ಎಂದು ಬರೆದಿರುತ್ತಾರೆ. ನಮ್ಮ ಕನ್ನಡ ಮಕ್ಕಳು ಅದನ್ನು ಅಕ್ಷರ ಕೂಡಿಸಿ ಓದಿ ನಕ್ಕು, ಕೊನೆಗೆ ‘ವೇಟ್‌ಲಿಫ್ಟಿಂಗ್’ ಎಂದೇ ಕರೆಯುತ್ತಾರೆ. ಅಂತಹ ಕೂಟಗಳಲ್ಲಿ ನಾನು ಕೆಲವು ವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ, ಅವರ ಪರವಾಗಿ, ಮುಂದಿನ ಯತ್ನಕ್ಕೆ ಬೇಕಾದ ತೂಕವನ್ನು ಕಾರ್ಡಿನಲ್ಲಿ ಬರೆದುಕೊಡುವ ಕೆಲಸ ಮಾಡಿದ್ದೇನೆ. ಒಮ್ಮೆ ಬದಿಯಡ್ಕ ಕಡೆಯ ಹಿರಿಯರೊಬ್ಬರು, ಮೊಮ್ಮಗನ ಸ್ಪರ್ಧೆ ನೋಡಲೆಂದು ಬಂದವರು, ಅರ್ಧ ಗಂಟೆ ಸುಮ್ಮನೆ ನೋಡಿ ನನ್ನ ಬಳಿ ಬಂದು ಕೇಳಿದರು: “ಅಲ್ಲ ಮಾಷ್ಟ್ರೇ, ಒಮ್ಮೆ ತಲೆಯ ಮೇಲೆ ಎತ್ತಿ ತೋರಿಸಿದ ಮೇಲೆ ಪುನಃ ಎತ್ತುವುದು ಎಂತಕ್ಕೆ? ಅದೂ ಅಲ್ಲದೆ, ನಮ್ಮ ಹುಡುಗ ಹಗುರದ್ದನ್ನು ಎತ್ತಿ ಮುಗಿಸಿ ಕೂತಿದ್ದಾನೆ, ಆಚೆಯವ ಇನ್ನೂ ಶುರುವೇ ಮಾಡಲಿಲ್ಲ. ಇದು ಯಾವ ನ್ಯಾಯ?” ಈ ಎರಡು ಪ್ರಶ್ನೆಗಳಿಗೆ ಉತ್ತರ ತಿಳಿದರೆ ಈ ಕ್ರೀಡೆ ಬಹುಮಟ್ಟಿಗೆ ಅರ್ಥವಾದಂತೆ.

ಪುನಃ ಎತ್ತುವುದು ಏಕೆಂದರೆ ಇಲ್ಲಿ ಎತ್ತುವ ವಿಧಗಳು ಎರಡು, ಸ್ನ್ಯಾಚ್ ಮತ್ತು ಕ್ಲೀನ್ ಆ್ಯಂಡ್ ಜರ್ಕ್. ಇದನ್ನು ಅವರಿಗೆ ನಾನು ಅಡಿಕೆ ಗೋಣಿಯ ಮೂಲಕ ವಿವರಿಸಿದೆ. ಅಂಗಳದಲ್ಲಿ ಬಿದ್ದಿರುವ ತುಂಬಿದ ಗೋಣಿಯನ್ನು ತಲೆಗೆ ಏರಿಸುವ ಆಳು ಅದನ್ನು ನೇರವಾಗಿ ನೆಲದಿಂದ ತಲೆಗೆ ಹಾಕಿಕೊಳ್ಳುವುದಿಲ್ಲ. ಮೊದಲು ಮೊಣಕಾಲಿನ ಬಲದಿಂದ ಎದೆಯ ಮಟ್ಟಕ್ಕೆ ತಂದು ಅಪ್ಪಿಕೊಳ್ಳುತ್ತಾನೆ, ಒಂದು ಉಸಿರು ಎಳೆದುಕೊಳ್ಳುತ್ತಾನೆ, ಆಮೇಲೆ ಕಾಲು ಸ್ವಲ್ಪ ಮಡಿಸಿ ಚಿಮ್ಮಿಸಿ ಮೇಲಕ್ಕೆ ಹಾಕಿಕೊಳ್ಳುತ್ತಾನೆ. ಕ್ಲೀನ್ ಆ್ಯಂಡ್ ಜರ್ಕ್ ಎಂಬುದು ಇದೇ. ನೆಲದಿಂದ ಭುಜಕ್ಕೆ ತರುವುದು ಕ್ಲೀನ್, ಭುಜದಿಂದ ತೋಳು ಚಾಚಿ ತಲೆಯ ಮೇಲಕ್ಕೆ ಒಯ್ಯುವುದು ಜರ್ಕ್, ನಡುವೆ ನಿಂತು ಉಸಿರಾಡಲು ಅವಕಾಶವಿದೆ. ಸ್ನ್ಯಾಚ್‌ಗೆ ಮಾತ್ರ ನಮ್ಮ ತೋಟದ ಕೆಲಸದಲ್ಲಿ ಹೋಲಿಕೆ ಸಿಗುವುದಿಲ್ಲ, ಏಕೆಂದರೆ ಬುದ್ಧಿ ನೆಟ್ಟಗಿರುವ ಯಾರೂ ಭಾರವನ್ನು ನೆಲದಿಂದ ತಲೆಯ ಮೇಲಕ್ಕೆ, ಎಲ್ಲಿಯೂ ತಡೆಯದೆ, ಒಂದೇ ಎಳೆತದಲ್ಲಿ ಎತ್ತುವುದಿಲ್ಲ.

ಸ್ನ್ಯಾಚ್‌ನಲ್ಲಿ ಕ್ರೀಡಾಪಟು ಬಾರನ್ನು, ಅಂದರೆ ಎರಡೂ ತುದಿಗೆ ತೂಕದ ಬಿಲ್ಲೆ ಹಾಕಿದ ಸಲಾಕೆಯನ್ನು, ಬಹಳ ಅಗಲವಾಗಿ ಹಿಡಿಯುತ್ತಾನೆ. ಎದ್ದು ನಿಂತು ಕೈ ಇಳಿಬಿಟ್ಟರೆ ಬಾರು ಸೊಂಟದ ಮಡಿಕೆಯ ಹತ್ತಿರ ಬರುವಷ್ಟು ಅಗಲ ಅದು. ಹಿಡಿತ ಅಗಲವಾದಷ್ಟೂ, ತೋಳು ನೇರವಾಗಿ ಚಾಚಿದಾಗ ಬಾರು ತಲೆಯಿಂದ ಹೆಚ್ಚು ಮೇಲೆ ಹೋಗಬೇಕಾಗಿಲ್ಲ. ಇನ್ನೊಂದು ಗುಟ್ಟು ಎಂದರೆ, ಬಾರನ್ನು ತಲೆಯ ಮೇಲಿನ ಎತ್ತರದವರೆಗೆ ಎಳೆಯುವುದೇ ಇಲ್ಲ. ಎದೆಯ ಆಸುಪಾಸಿನವರೆಗೆ ಎಳೆದು, ಅದು ಇನ್ನೂ ಮೇಲಕ್ಕೆ ತೇಲುತ್ತಿರುವಾಗಲೇ ತಾನು ಅದರ ಅಡಿಗೆ ನುಗ್ಗಿ, ಕುಕ್ಕುರುಗಾಲಿನಲ್ಲಿ ಕೂತು ತೋಳು ಚಾಚಿ ಹಿಡಿದು, ನಂತರ ಎದ್ದು ನಿಲ್ಲುತ್ತಾನೆ. ಆ ಕ್ಷಣದಲ್ಲಿ ಬಾರು ಎರಡು ಬೆರಳಿನಷ್ಟು ಮುಂದೆ ಹೋದರೂ ಮುಂದಕ್ಕೆ, ಹಿಂದೆ ಹೋದರೂ ಹಿಂದಕ್ಕೆ ಬಿದ್ದುಹೋಗುತ್ತದೆ, ಸರಿಪಡಿಸಲು ಸಮಯವಿಲ್ಲ. ಸ್ನ್ಯಾಚ್ ವಿಫಲವಾಗುವುದು ಶಕ್ತಿ ಸಾಲದೆ ಎಂಬುದಕ್ಕಿಂತ ಹೆಚ್ಚಾಗಿ ಹೀಗೆ ದಾರಿ ತಪ್ಪಿ. ನಿನ್ನೆ ಲೀಲಾಜಾಲವಾಗಿ ಎತ್ತಿದ ತೂಕ ಇಂದು ಬಾರದೆ ಹೋಗುವುದಕ್ಕೆ ಕಾರಣ ಇದು.

ಕ್ಲೀನ್‌ನಲ್ಲಿ ಬಾರು ಭುಜದವರೆಗೆ ಬಂದರೆ ಸಾಕು, ಹಿಡಿತ ಭುಜದಗಲ, ಕುಳಿತು ಹಿಡಿಯುವಾಗ ಭಾರ ಎದೆ ಮತ್ತು ಭುಜದ ಮೇಲೆ ಕೂರುತ್ತದೆ. ಎತ್ತಬೇಕಾದ ಎತ್ತರ ಕಡಿಮೆ ಇರುವುದರಿಂದ ಅದೇ ಮನುಷ್ಯ ಹೆಚ್ಚು ತೂಕ ತರಬಲ್ಲ. ಸಾಮಾನ್ಯವಾಗಿ ಒಬ್ಬರ ಸ್ನ್ಯಾಚ್, ಅವರದೇ ಕ್ಲೀನ್ ಆ್ಯಂಡ್ ಜರ್ಕ್‌ನ ಶೇಕಡಾ 75ರಿಂದ 85ರ ನಡುವೆ ಇರುತ್ತದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸ್ನ್ಯಾಚ್‌ನಲ್ಲಿ 118 ಕಿಲೋ, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 151 ಕಿಲೋ ಎತ್ತಿದ್ದರು. ಲೆಕ್ಕ ಹಾಕಿದರೆ ಶೇಕಡಾ 78. ಈ ಪ್ರಮಾಣ ತೀರಾ ಕೆಳಗಿದ್ದರೆ ಕೋಚ್ ಹುಡುಗನ ಚುರುಕು ಮತ್ತು ಭುಜದ ಸಡಿಲತೆಯ ಕಡೆ ನೋಡುತ್ತಾರೆ, ತೀರಾ ಮೇಲಿದ್ದರೆ ಕಾಲಿನ ಬಲದ ಕಡೆ ನೋಡುತ್ತಾರೆ. ಎರಡನ್ನೂ ಬೇರೆ ಬೇರೆಯಾಗಿ ಅಳೆದು ಕೂಡಿಸುವುದರಿಂದ ಬರೀ ಬಲವಂತನೂ ಗೆಲ್ಲಲಾರ, ಬರೀ ಚುರುಕಿನವನೂ ಗೆಲ್ಲಲಾರ. (ಹಿಂದೆ ಪ್ರೆಸ್ ಎಂಬ ಮೂರನೆಯ ವಿಧವೂ ಇತ್ತು. ಕೇವಲ ತೋಳಿನ ಬಲದಿಂದ ಒತ್ತಬೇಕಾದಲ್ಲಿ ಎಲ್ಲರೂ ಬೆನ್ನು ಹಿಂದಕ್ಕೆ ಬಾಗಿಸಿ ಎತ್ತತೊಡಗಿ, ತೀರ್ಪು ಕೊಡುವುದೇ ದುಸ್ತರವಾಗಿ, 1972ರ ಒಲಿಂಪಿಕ್ಸ್‌ನ ನಂತರ ಅದನ್ನು ಕೈಬಿಟ್ಟರು.)

ತಲೆಯ ಮೇಲೆ ಹೋದದ್ದೆಲ್ಲ ಎತ್ತಿದಂತಾಗುವುದಿಲ್ಲ ಎಂಬುದು ಹೊಸಬರಿಗೆ ಬೇಸರ ತರುವ ಸಂಗತಿ. ಮೂವರು ರೆಫರಿಗಳ ಮುಂದೆ ಬಿಳಿ ಮತ್ತು ಕೆಂಪು ದೀಪಗಳ ಗುಂಡಿ ಇರುತ್ತದೆ, ಇಬ್ಬರು ಬಿಳಿ ಕೊಟ್ಟರೆ ಎತ್ತಿದ್ದು ಸಿಂಧು. ಎರಡೂ ವಿಧಗಳಲ್ಲಿ ಅತಿ ಹೆಚ್ಚು ಕೆಂಪು ದೀಪ ಬರುವುದು ಮೊಣಕೈಯಿಂದ. ಬಾರನ್ನು ತಲೆಯ ಮೇಲೆ ಹಿಡಿದಾಗ ತೋಳು ಒಮ್ಮೆಗೇ ನೇರವಾಗಿರಬೇಕು. ಮೊಣಕೈ ಸ್ವಲ್ಪ ಮಡಿದೇ ಹಿಡಿದು, ನಂತರ ಒತ್ತಿ ನೇರ ಮಾಡಿದರೆ ಅದು ಪ್ರೆಸ್ ಔಟ್, ಅಸಿಂಧು. ನೋಡುವವರು ಬಾರನ್ನೇ ನೋಡುತ್ತಾರೆ, ಆದ್ದರಿಂದ ಕೆಂಪು ದೀಪ ಕಂಡಾಗ ಅನ್ಯಾಯವಾಯಿತೆಂದು ಕೂಗುತ್ತಾರೆ. ಮುಂದಿನ ಬಾರಿ ಮೊಣಕೈಯನ್ನು ಮಾತ್ರ ನೋಡಿದರೆ ಆ ಚಿಕ್ಕ ಕುಲುಕು ನಿಮಗೂ ಕಾಣುತ್ತದೆ. ಕ್ಲೀನ್‌ನಲ್ಲಿ ಕುಳಿತಾಗ ಮೊಣಕೈ ಮೊಣಕಾಲಿಗೆ ಅಥವಾ ತೊಡೆಗೆ ತಾಗಿದರೂ ಅಸಿಂಧು. ಎಲ್ಲ ಮುಗಿದು, ಪಾದಗಳು ಒಂದೇ ಸಾಲಿಗೆ ಬಂದು, ಅಲುಗದೆ ನಿಂತ ಮೇಲೆ ರೆಫರಿಯ ಸೂಚನೆ ಬರುತ್ತದೆ. ಅದಕ್ಕೆ ಮೊದಲೇ ಸಂತೋಷದಿಂದ ಬಾರು ಕೆಳಗೆ ಬಿಟ್ಟವರನ್ನೂ ನಾನು ಕಂಡಿದ್ದೇನೆ.

ಇನ್ನು ಹಿರಿಯರ ಎರಡನೆಯ ಪ್ರಶ್ನೆ. ಪ್ರತಿಯೊಬ್ಬರಿಗೂ ಸ್ನ್ಯಾಚ್‌ನಲ್ಲಿ ಮೂರು ಯತ್ನ, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಮೂರು ಯತ್ನ. ಒಂದೊಂದರಲ್ಲೂ ಅತ್ಯುತ್ತಮವಾದುದನ್ನು ತೆಗೆದು ಕೂಡಿಸಿದರೆ ಒಟ್ಟು ಮೊತ್ತ, ಸ್ಥಾನ ನಿರ್ಧಾರವಾಗುವುದು ಅದರಿಂದ. ಯಾವುದಾದರೂ ಒಂದರಲ್ಲಿ ಮೂರೂ ಯತ್ನ ವಿಫಲವಾದರೆ ಒಟ್ಟು ಮೊತ್ತವೇ ಇಲ್ಲ. ಆದರೆ ಈ ಮೂರು ಯತ್ನಗಳು ಲಾಂಗ್ ಜಂಪಿನ ಹಾಗೆ ಸರದಿಯ ಪ್ರಕಾರ ಬರುವುದಿಲ್ಲ. ವೇದಿಕೆಯಲ್ಲಿ ಇರುವುದು ಒಂದೇ ಬಾರು, ಅದರ ತೂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಯಾರು ಕಡಿಮೆ ತೂಕ ಕೇಳಿದ್ದಾರೋ ಅವರು ಮೊದಲು. ಇಬ್ಬರು ಒಂದೇ ತೂಕ ಕೇಳಿದ್ದರೆ, ಮೊದಲನೆಯ ಯತ್ನದವನು ಎರಡನೆಯ ಯತ್ನದವನಿಗಿಂತ ಮುಂಚೆ. ಹಾಗಾಗಿ ಬಲವಾದವನು ಉಳಿದವರೆಲ್ಲ ಮುಗಿಸುವವರೆಗೂ ಬೆಂಚಿನ ಮೇಲೆ ಕೂತಿರುತ್ತಾನೆ, ಅವನು ಬಂದಾಗ ಉಳಿದವರ ಫಲಿತಾಂಶ ಅವನ ಕಣ್ಣ ಮುಂದೆಯೇ ಇರುತ್ತದೆ. ಹಿರಿಯರು ಅನ್ಯಾಯ ಎಂದುಕೊಂಡದ್ದು ಇದನ್ನೇ.

ಬಾರು ಇಳಿಯುವುದಿಲ್ಲ ಎಂಬ ಒಂದು ನಿಯಮದಿಂದ ಎಷ್ಟು ತೊಂದರೆ ಹುಟ್ಟುತ್ತದೆ ಎಂಬುದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆ. ಪೆರ್ಲ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಅಭ್ಯಾಸದಲ್ಲಿ ಸ್ನ್ಯಾಚ್‌ನಲ್ಲಿ 58 ಕಿಲೋವನ್ನು ಯಾವ ದಿನ ಕೇಳಿದರೂ ಎತ್ತುತ್ತಿದ್ದ, 62 ಕಿಲೋವನ್ನು ನಾಲ್ಕರಲ್ಲಿ ಎರಡು ಸಲ ಎತ್ತುತ್ತಿದ್ದ. ಕಾಞಂಗಾಡಿನ ಹುಡುಗ 65ರಿಂದ ಶುರು ಮಾಡುತ್ತಾನೆ ಎಂದು ತಿಳಿದ ಕೂಡಲೇ ನಾನು ಅವನ ಕಾರ್ಡಿನಲ್ಲಿ 58ನ್ನು ಹೊಡೆದುಹಾಕಿ 62 ಬರೆದೆ. ಉಳಿದವರೆಲ್ಲ 60ರ ಒಳಗೆ ಮುಗಿಸಿದರು. ನಮ್ಮವನು ವೇದಿಕೆಗೆ ಬಂದು ಎಳೆದ, ಬಾರು ಮುಂದಕ್ಕೆ ಬಿತ್ತು. ಈಗ ಅವನಿಗೂ ಕಾಞಂಗಾಡಿನ ಹುಡುಗನ 65ಕ್ಕೂ ನಡುವೆ ಯಾರೂ ಇರಲಿಲ್ಲ, ಆದ್ದರಿಂದ ಎರಡನೆಯ ಯತ್ನಕ್ಕೂ ಅವನನ್ನೇ ಕರೆದರು.

ಸಾಮಾನ್ಯವಾಗಿ ಹೆಸರು ಕರೆದು ಬಾರು ಸಿದ್ಧವಾದ ಮೇಲೆ ಒಂದು ನಿಮಿಷದೊಳಗೆ ಎತ್ತಲು ಆರಂಭಿಸಬೇಕು. ತನ್ನ ಹಿಂದೆ ತಾನೇ ಬರುವವನಿಗೆ ಮಾತ್ರ ಎರಡು ನಿಮಿಷ. ಕೇಳಲು ಔದಾರ್ಯದಂತೆ ಕಾಣುವ ಈ ಎರಡು ನಿಮಿಷ ನಿಜವಾಗಿ ಏನೇನೂ ಅಲ್ಲ. ಅವನ ಎದೆ ಏರಿಳಿಯುತ್ತಿತ್ತು, ಅಂಗೈಯ ಬಿಳಿ ಪುಡಿ ಬೆವರಿನಲ್ಲಿ ಅಂಟಂಟಾಗಿತ್ತು, ನೀರು ಕುಡಿಯುತ್ತಲೇ ಗಡಿಯಾರ ನೋಡುತ್ತಿದ್ದ. ಎರಡನೆಯದು ಹಿಂದಕ್ಕೆ ಬಿತ್ತು. ಮೂರನೆಯದಕ್ಕೆ ಬಾರು ಮೊಣಕಾಲು ದಾಟಿದ್ದಷ್ಟೇ. ಏಳೆಂಟು ನಿಮಿಷದೊಳಗೆ ಅವನ ದಿನ ಮುಗಿದಿತ್ತು. ತೂಕ ಏರಿಸಿದ್ದರೆ ಬಿಡುವು ಸಿಗುತ್ತಿತ್ತು: ಎರಡನೆಯ ಯತ್ನಕ್ಕೆ 65 ಕೇಳಿದ್ದರೆ, ಅದೇ ತೂಕದಲ್ಲಿ ಮೊದಲ ಯತ್ನದಲ್ಲಿದ್ದ ಕಾಞಂಗಾಡಿನವನು ಮುಂಚೆ ಬರುತ್ತಿದ್ದ, ನಮ್ಮವನು ಅಷ್ಟು ಹೊತ್ತು ಉಸಿರು ಹಿಡಿದುಕೊಳ್ಳಬಹುದಿತ್ತು. ಆದರೆ 62 ಎತ್ತಲಾಗದವನಿಗೆ 65 ಎತ್ತುವ ಬಿಡುವು ಕೊಟ್ಟು ಪ್ರಯೋಜನವೇನು? 58 ಬರೆದಿದ್ದರೆ ಅವನು ಎತ್ತುತ್ತಿದ್ದ, 60ರವರು ಎತ್ತುವಷ್ಟು ಹೊತ್ತು ಕೂತಿರುತ್ತಿದ್ದ, ಆಮೇಲೆ 62ಕ್ಕೆ ಎರಡು ಅವಕಾಶ ಉಳಿದಿರುತ್ತಿದ್ದವು. ಆರಂಭದ ತೂಕದಿಂದ ಯಾರೂ ಪದಕ ಗೆಲ್ಲುವುದಿಲ್ಲ. ಅದು ಸ್ಪರ್ಧೆಯಲ್ಲಿ ಉಳಿಯಲು ಕೊಡುವ ಬಾಡಿಗೆ. ಅನುಭವಿಗಳು ಜ್ವರ ಬಂದ ದಿನವೂ ಎತ್ತಬಲ್ಲಷ್ಟನ್ನೇ ಮೊದಲ ಯತ್ನಕ್ಕೆ ಬರೆಯುತ್ತಾರೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮೀರಾಬಾಯಿ ಚಾನು ಸ್ನ್ಯಾಚ್‌ನಲ್ಲಿ 82 ಕಿಲೋ ಎತ್ತಿದ ಮೇಲೆ ಕ್ಲೀನ್ ಆ್ಯಂಡ್ ಜರ್ಕ್‌ನ ಮೂರೂ ಯತ್ನಗಳಲ್ಲಿ ವಿಫಲರಾದರು, ಅವರ ಹೆಸರಿನ ಮುಂದೆ ಒಟ್ಟು ಮೊತ್ತವೇ ಬರಲಿಲ್ಲ. ಐದು ವರ್ಷದ ನಂತರ ಟೋಕಿಯೊದಲ್ಲಿ ಅವರು ಸ್ನ್ಯಾಚ್‌ನಲ್ಲಿ 84, 87 ಎತ್ತಿ 89ರಲ್ಲಿ ವಿಫಲರಾದರು. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 110, 115 ಎತ್ತಿ 117ರಲ್ಲಿ ವಿಫಲರಾದರು. ಎರಡರಲ್ಲೂ ಮೊದಲೆರಡು ಸಿಂಧು, ಮೂರನೆಯದು ಮಾತ್ರ ಕೈತಪ್ಪಿದ್ದು. ಒಟ್ಟು 202, ಬೆಳ್ಳಿ ಪದಕ. ನನ್ನ ಅಭಿಪ್ರಾಯದಲ್ಲಿ ಅದು ಸೋಲು ಬೆರೆತ ಫಲಿತಾಂಶವಲ್ಲ, ಸರಿಯಾಗಿ ಬಳಸಿದ ಕಾರ್ಡು. ಮೂರನೆಯ ಯತ್ನ ಇರುವುದೇ ಎಟುಕದ್ದಕ್ಕೆ ಕೈ ಚಾಚಲು.

ಎರಡನೆಯ ಮತ್ತು ಮೂರನೆಯ ಯತ್ನಗಳ ತೂಕವನ್ನು ಹುಡುಗನ ಬಲವೊಂದೇ ನಿರ್ಧರಿಸುವುದಿಲ್ಲ ಎಂಬುದಕ್ಕೆ ಬರ್ಮಿಂಗ್‌ಹ್ಯಾಮ್‌ಗಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಕರಾವಳಿಗೆ ಬೇರೆ ಸಿಗದು. 61 ಕಿಲೋ ವಿಭಾಗದಲ್ಲಿ ಗುರುರಾಜರು ಸ್ನ್ಯಾಚ್‌ನಲ್ಲಿ 115 ಎತ್ತಿದರು, 118 ಎತ್ತಿದರು, 120ರಲ್ಲಿ ವಿಫಲರಾದರು. ಕೆನಡಾದ ಯೂರಿ ಸಿಮಾರ್ಡ್ ಅವರ ಸ್ನ್ಯಾಚ್ 119. ಅಂದರೆ ಅರ್ಧ ಸ್ಪರ್ಧೆ ಮುಗಿದಾಗ ನಮ್ಮವರು ಒಂದು ಕಿಲೋ ಹಿಂದೆ. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ ಗುರುರಾಜರು 144, ನಂತರ 148 ಎತ್ತಿದರು, ಒಟ್ಟು 266 ಆಯಿತು. ಸಿಮಾರ್ಡ್ 149 ಎತ್ತಿದ್ದರಿಂದ ಅವರ ಒಟ್ಟು 268.

ಈಗ ಕೈಯಲ್ಲಿ ಉಳಿದಿರುವುದು ಒಂದೇ ಯತ್ನ. ಎಷ್ಟು ಕೇಳಬೇಕು? 149 ಎತ್ತಿದರೆ 267, ಸಾಲದು. 150 ಎತ್ತಿದರೆ 268, ಸಮ. ಹಿಂದಿನ ಕಾಲದಲ್ಲಿ ಸಮವಾದರೆ ದೇಹತೂಕ ಕಡಿಮೆ ಇರುವವನಿಗೆ ಮೇಲಿನ ಸ್ಥಾನ ಸಿಗುತ್ತಿತ್ತು, ಆದರೆ ಈಗ ಆ ಮೊತ್ತವನ್ನು ಯಾರು ಮೊದಲು ಮುಟ್ಟಿದರೋ ಅವರಿಗೆ ಸಿಗುತ್ತದೆ. 268ನ್ನು ಸಿಮಾರ್ಡ್ ಆಗಲೇ ಮುಟ್ಟಿಯಾಗಿತ್ತು. ಆದ್ದರಿಂದ 150 ಎತ್ತಿಯೂ ಪ್ರಯೋಜನವಿಲ್ಲ, 151 ಬೇಕೇ ಬೇಕು. 152 ಕೇಳಿದರೆ ಅಪಾಯ ಹೆಚ್ಚುವುದಷ್ಟೇ, ಸ್ಥಾನ ಹೆಚ್ಚುವುದಿಲ್ಲ, ಏಕೆಂದರೆ ಬೆಳ್ಳಿ ಗೆದ್ದ ಪಪುವಾ ನ್ಯೂಗಿನಿಯ ಮೊರಿಯಾ ಬರು ಅವರ ಒಟ್ಟು 273, ಅದನ್ನು ದಾಟಲು 156 ಬೇಕಿತ್ತು. ಗುರುರಾಜರು 151 ಎತ್ತಿದರು. ಒಟ್ಟು 269, ಕಂಚಿನ ಪದಕ, ಅಂತರ ಒಂದು ಕಿಲೋ. ಪತ್ರಿಕೆಗಳಲ್ಲಿ ‘ಕೊನೆಯ ಯತ್ನದಲ್ಲಿ ಕಂಚು’ ಎಂದಷ್ಟೇ ಬಂದದ್ದರಿಂದ, 151 ಎಂಬ ಅಂಕಿ ಎಲ್ಲಿಂದ ಬಂತೆಂದು ಹೆಚ್ಚಿನವರು ಯೋಚಿಸಲಿಲ್ಲ.

ಈ ಲೆಕ್ಕದಲ್ಲಿ ಸ್ನ್ಯಾಚ್‌ನ ಪಾಲನ್ನೂ ಗಮನಿಸಬೇಕು. ಆ ವಿಫಲವಾದ 120 ಕೈಗೆ ಬಂದಿದ್ದರೆ 151ರ ಬದಲು ಆಗಲೇ ಎತ್ತಿದ್ದ 148 ಸಾಕಾಗುತ್ತಿತ್ತು, ಏಕೆಂದರೆ 268ನ್ನು ಸಿಮಾರ್ಡ್‌ಗಿಂತ ಮೊದಲು ಮುಟ್ಟಿದಂತಾಗುತ್ತಿತ್ತು. ಸ್ನ್ಯಾಚ್‌ನಲ್ಲಿ ಕಳೆದುಕೊಂಡ ಪ್ರತಿ ಕಿಲೋವನ್ನು ಸುಸ್ತಾದ ಕಾಲುಗಳಿಂದ, ಹೆಚ್ಚು ಭಾರದ ಬಾರಿನ ಅಡಿಯಲ್ಲಿ ತೀರಿಸಬೇಕಾಗುತ್ತದೆ. ಹಾಗಿದ್ದೂ ಕೋಚ್‌ಗಳು ಸ್ನ್ಯಾಚ್‌ನಲ್ಲಿ ಎರಡು ಮೂರು ಕಿಲೋಗಳ ಚಿಕ್ಕ ಹೆಜ್ಜೆ ಇಡುತ್ತಾರೆ, ಏಕೆಂದರೆ ಅಲ್ಲಿ ಹೆಚ್ಚಿದ ಭಾರ ಮೊದಲು ಕೆಡಿಸುವುದು ದಾರಿಯನ್ನು. ಎದುರಾಳಿಯನ್ನು ನೋಡಿ ತೂಕ ಬರೆಯುವ ಆಟ ನಿಜವಾಗಿ ಆರಂಭವಾಗುವುದು ಎರಡನೆಯ ವಿಧದಲ್ಲಿ, ಸ್ನ್ಯಾಚ್‌ನ ಅಂಕಿಗಳು ಆಗ ಬದಲಾಗದಂತೆ ಬೋರ್ಡಿನ ಮೇಲೆ ಕೂತಿರುತ್ತವೆ.

ಒಂದು ಯತ್ನ ಮೊದಲೇ ಹಾಳಾದರೆ ಈ ಆಟ ಆಡಲು ಕೈಯಲ್ಲಿ ಏನೂ ಉಳಿಯುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 49 ಕಿಲೋ ವಿಭಾಗದಲ್ಲಿ ಮೀರಾಬಾಯಿ ಸ್ನ್ಯಾಚ್‌ನಲ್ಲಿ 88 ಎತ್ತಿದರು, ಥಾಯ್ಲೆಂಡಿನ ಸುರೋದ್ಚನಾ ಖಂಬಾವೊ ಅವರದೂ 88. ಕ್ಲೀನ್ ಆ್ಯಂಡ್ ಜರ್ಕ್‌ನ ಮೊದಲ ಯತ್ನದಲ್ಲಿ 111 ಮೀರಾಬಾಯಿಯವರ ಕೈತಪ್ಪಿತು. ಎರಡನೆಯ ಯತ್ನವನ್ನು ಅದೇ 111ಕ್ಕೆ ಖರ್ಚು ಮಾಡಿ ಎತ್ತಿದರು, ಒಟ್ಟು 199. ಖಂಬಾವೊ 112 ಎತ್ತಿ 200 ಮಾಡಿಕೊಂಡಿದ್ದರು. ಅವರನ್ನು ನಿಸ್ಸಂದೇಹವಾಗಿ ದಾಟಲು 113 ಬೇಕಿತ್ತು; ಮೀರಾಬಾಯಿ 114 ಕೇಳಿದರು, ಅದು ಬರಲಿಲ್ಲ, ಕಂಚು ಒಂದು ಕಿಲೋದಿಂದ ತಪ್ಪಿ ನಾಲ್ಕನೆಯ ಸ್ಥಾನ ಸಿಕ್ಕಿತು. 113 ಕೇಳಿದ್ದರೆ ಬರುತ್ತಿತ್ತೇ ಎಂಬ ಚರ್ಚೆ ನಮ್ಮ ಚಹಾದಂಗಡಿಗಳಲ್ಲೂ ನಡೆಯಿತು. 119 ಕಿಲೋ ಎತ್ತಿ ವಿಶ್ವದಾಖಲೆ ಮಾಡಿದವರಿಗೆ ಆ ಒಂದು ಕಿಲೋ ದೊಡ್ಡ ವಿಷಯವಾಗಿರಲಿಲ್ಲ ಎಂಬುದು ನನ್ನ ಎಣಿಕೆ. ನಿಜವಾದ ನಷ್ಟ ಆದದ್ದು ಮೊದಲ 111ರಲ್ಲಿ. ಅದು ಬಂದಿದ್ದರೆ ಎರಡನೆಯ ಯತ್ನಕ್ಕೇ 113 ಅಥವಾ 114 ಕೇಳಬಹುದಿತ್ತು, ತಪ್ಪಿದರೆ ಇನ್ನೊಂದು ಸಲ ಬಾರಿನ ಎದುರು ನಿಲ್ಲಬಹುದಿತ್ತು.

ಪೆರ್ಲದ ಹುಡುಗನಿಗೆ ಮರುವರ್ಷ ನಾನು 58 ಬರೆದೆ, ಅಷ್ಟರಲ್ಲಿ ಅವನು 64 ಎತ್ತುವವನಾಗಿದ್ದ. ಮೊದಲ ಯತ್ನ ಮುಗಿಸಿ ಇಳಿದು ಬಂದವನು, ಇದು ನಾಚಿಕೆಯಾಗುವಷ್ಟು ಹಗುರವಾಯಿತು ಮಾಷ್ಟ್ರೇ ಎಂದು ಗೊಣಗಿದ. ನಾನು ಅವನ ಎದುರಿಗೇ ಕಾರ್ಡಿನಲ್ಲಿ 62 ಬರೆದು ಮೇಜಿನ ಮೇಲೆ ಕೊಟ್ಟೆ.